ಒಂದೇ ಶೂಗೆ ಬಿಲ್

ಆ ಶೂ ಕಂಪನಿಯ ಪ್ರಧಾನ ಕಚೇರಿಯಲ್ಲಿ ಅವಳನ್ನು ಬೆನ್ನ ಹಿಂದೆ ಎಲ್ಲರೂ ತಕರಾರಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಪ್ರಚಾರ ವಿಭಾಗದಲ್ಲಿ ಅವಳ ಕೆಲಸವೇ ಅಂಥದು. ಕಂಪನಿ ಏನಾದರೂ ಹೇಳಲು ಹೊರಟರೆ ಪತ್ರಿಕೆಗಳಿಗೆ ಪ್ರಕಟಣೆ ಬರೆಯಬೇಕು. ಅದರ ಜೊತೆಗೆ, ಜನ ಏನೇನು ಕೇಳಬಹುದೆಂದು ಊಹಿಸಿ ಉತ್ತರಗಳನ್ನೂ ಸಿದ್ಧ ಮಾಡಿಡಬೇಕು. ನಾಳೆ ಊರವರ ಬಾಯಲ್ಲಿ ಬರುವ ಪ್ರಶ್ನೆ ಇವತ್ತೇ ಅವಳ ಬಾಯಲ್ಲಿ ಬರುತ್ತಿತ್ತು.

ಆ ಸಲ ಅಂಗವಿಕಲರ ದಿನಕ್ಕೆಂದು ಕಂಪನಿ ಒಂದು ಜಾಹೀರಾತು ಚಿತ್ರ ಮಾಡಿಸಿತ್ತು. ಕೃತಕ ಕಾಲಿನ ಓಟಗಾರನೊಬ್ಬ ಮುಂಜಾವಿನ ಬೆಳಕಿನಲ್ಲಿ ಓಡುತ್ತಾನೆ, ಹಿಂದೆ ಮೆಲ್ಲನೆ ಪಿಟೀಲು, ಕೊನೆಗೆ ‘ಪ್ರತಿ ಹೆಜ್ಜೆಗೂ ನಾವಿದ್ದೇವೆ’ ಎಂಬ ಸಾಲು. ಮೀಟಿಂಗ್ ರೂಮಿನಲ್ಲಿ ದೀಪ ಹಾಕಿದಾಗ ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಲ್ಲೊಬ್ಬಳು ತಕರಾರಮ್ಮ. ಚಿತ್ರದ ಮೇಲೆ ಅವಳಿಗೆ ಯಾವ ತಕರಾರೂ ಇರಲಿಲ್ಲ.

ತಕರಾರು ಹುಟ್ಟಿದ್ದು ತನ್ನ ಮೇಜಿಗೆ ಬಂದು ಪ್ರಶ್ನೆಗಳನ್ನು ಟೈಪ್ ಮಾಡಲು ಕೂತಾಗ. ಮನೆಯಲ್ಲಿ ಅವಳ ಚಿಕ್ಕಪ್ಪ ಇದ್ದ. ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಬಲಗಾಲು ಕೊಟ್ಟು ಬಂದವನು. ಕೃತಕ ಕಾಲು ಹಾಕಿದರೆ ಹುಣ್ಣಾಗುತ್ತದೆಂದು ಅದನ್ನು ಮೂಲೆಗೆ ನಿಲ್ಲಿಸಿ, ಊರುಗೋಲಿನಲ್ಲೇ ಊರೆಲ್ಲ ಸುತ್ತುತ್ತಿದ್ದ. ಶೂ ಕೊಂಡಾಗಲೆಲ್ಲ ಬಲಗಾಲಿನದು ಹೊಸದಾಗಿಯೇ ಕಸಕ್ಕೆ ಹೋಗುತ್ತಿತ್ತು. ಇಷ್ಟು ವರ್ಷ ಅದನ್ನು ಕಣ್ಣಾರೆ ಕಂಡವಳಿಗೆ ಈಗ ಕೈ ತಾನಾಗಿ ಬರೆಯಿತು: ಒಂದೇ ಕಾಲಿರುವವರು ನಿಮ್ಮ ಅಂಗಡಿಯಲ್ಲಿ ಒಂದೇ ಶೂ ಕೊಳ್ಳಬಹುದೇ?

ಉತ್ತರ ಗೊತ್ತಿರಲಿಲ್ಲ. ಶನಿವಾರ ಚಿಕ್ಕಪ್ಪನನ್ನೇ ಕರೆದುಕೊಂಡು ತಮ್ಮ ಕಂಪನಿಯ ದೊಡ್ಡ ಅಂಗಡಿಗೆ ಹೋದಳು. ಬಾಗಿಲಿಗೆ ಹೋಗಲು ನುಣುಪು ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಯಾರೋ ಎತ್ತಲು ಬಂದರು. ಮೂಟೆಯ ಹಾಗೆ ಎತ್ತಿಸಿಕೊಳ್ಳುವ ಆಸಾಮಿ ಅಲ್ಲ ಚಿಕ್ಕಪ್ಪ, ಬೀದಿಯಲ್ಲೇ ನಿಂತುಬಿಟ್ಟ. ಅಂಗಡಿಯವನು ಡಬ್ಬಗಳನ್ನು ಹೊತ್ತು ಹೊರಗೆ ತಂದ, ಮೊಣಕಾಲೂರಿ ಶೂ ತೊಡಿಸಿದ, ಹಿಮ್ಮಡಿ ಹಿಡಿದು ನೋಡಿದ. ಕೊನೆಗೆ ಒಂದೇ ಕೊಡಿ ಎಂದಾಗ ಪೆಚ್ಚಾದ. ಕಂಪ್ಯೂಟರಿನಲ್ಲಿ ಜೋಡಿಗೆ ಮಾತ್ರ ನಂಬರು, ಅರ್ಧಕ್ಕೆ ಬಿಲ್ ಆಗುವುದಿಲ್ಲ.

“ಹುಡುಗ ಒಳ್ಳೆಯವನು ಕಣೇ. ಅವನ ಮೇಲೆ ಕಂಪ್ಲೇಂಟ್ ಗಿಂಪ್ಲೇಂಟ್ ಅಂತ ಬರೀಬೇಡ,” ಎಂದ ಚಿಕ್ಕಪ್ಪ ವಾಪಸು ಬರುವಾಗ.

ಸೋಮವಾರ ಅವಳು ಪ್ರಚಾರ ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದಳು. ಅವನು ಕೆಟ್ಟವನಲ್ಲ. ಚಿತ್ರಕ್ಕೆ ಮನಸ್ಸಿಟ್ಟು ದುಡಿದಿದ್ದ, ಟೀವಿಯಲ್ಲಿ ಸಮಯ ಕಾದಿರಿಸಿದ್ದ. ಜನರಲ್ಲಿ ಅರಿವು ಮೂಡಿಸುವುದೂ ಒಂದು ಸೇವೆಯೇ, ಉಳಿದದ್ದು ಒಂದೊಂದಾಗಿ ಬರುತ್ತದೆ ಎಂದು ವಾದಿಸಿದ. ಯಾವಾಗ ಬರುತ್ತದೆ, ಯಾರು ಮಾಡುತ್ತಾರೆ, ಅದಕ್ಕೆ ಹಣ ತೆಗೆದಿಟ್ಟಿದೆಯೇ ಎಂದು ಅವಳು ಕೇಳಿದಳು. ಚಿತ್ರ ಮಾಡುವ ಮೊದಲು ಅಂಗವಿಕಲ ಗಿರಾಕಿಗಳನ್ನು ಯಾರಾದರೂ ಮಾತಾಡಿಸಿದ್ದರೇ ಎಂದೂ ಕೇಳಿದಳು. ಓಟಗಾರನಿಗೆ ಮೇಕಪ್ ಮಾಡುವಾಗ ಮಾತಾಡಿಸಿದ್ದೆವು ಎಂದು ಹೇಳಹೊರಟ ಅವನು ಅರ್ಧಕ್ಕೇ ನಿಲ್ಲಿಸಿದ.

“ಸರ್, ನಾವು ಸುಮ್ನಿದ್ರೆ ಯಾರೂ ಏನೂ ಅನ್ನಲ್ಲ,” ಎಂದಳು ಅವಳು. “ನಾವಿದ್ದೇವೆ ಅಂತ ಹೇಳಿದ್ಮೇಲೆ ಜನ ಹುಡುಕ್ಕೊಂಡು ಬರ್ತಾರೆ. ಬಂದವರು ಮೆಟ್ಟಿಲ ಕೆಳಗೇ ನಿಂತ್ಕೋಬೇಕು. ಈ ಪ್ರಕಟಣೆ ಬರೆಯೋಕೆ ನನ್ನ ಕೈಯಿಂದ ಆಗಲ್ಲ.”

ಹೇಳಿ ಹೊರಬಂದಳು. ಗಂಡನಿಗೆ ಫೋನ್ ಮಾಡಿ, ಬಹುಶಃ ಕೆಲಸ ಹೋಗುತ್ತದೆ ಎಂದಳು. ಶಾಲಾ ಬಸ್ಸಿನ ಚಾಲಕನಾದ ಅವನು, ಮೊದಲು ಊಟ ಮಾಡು, ಖಾಲಿ ಹೊಟ್ಟೆಯಲ್ಲಿ ಎಲ್ಲವೂ ಹೋದ ಹಾಗೇ ಕಾಣುತ್ತದೆ ಎಂದ. ಅವಳು ಡಬ್ಬಿ ಬಿಚ್ಚಿದಳು, ತುತ್ತು ಇಳಿಯಲಿಲ್ಲ.

ಮಧ್ಯಾಹ್ನ ಕಂಪನಿಯ ಒಡತಿಯಿಂದ ಕರೆ ಬಂತು. ಎಲ್ಲರ ಬಾಯಲ್ಲೂ ಆಕೆ ದೊಡ್ಡಮೇಡಂ. ಮುಖ್ಯಸ್ಥನೇ ವಿಷಯ ಮುಟ್ಟಿಸಿದ್ದ. ತನ್ನ ಮೇಲೆ ದೂರು ಹೇಳಿರಬೇಕೆಂದು ತಕರಾರಮ್ಮ ಎದೆ ಗಟ್ಟಿ ಮಾಡಿಕೊಂಡು ಹೋದಳು. ಹೋಗಿ ನೋಡಿದರೆ ಮುಖ್ಯಸ್ಥನ ಜೊತೆ ಗೋದಾಮಿನ ಮ್ಯಾನೇಜರನೂ ಲೆಕ್ಕಪತ್ರದವನೂ ಆಗಲೇ ಕೂತಿದ್ದರು. ಇಷ್ಟು ದಿನ ಇದನ್ನು ಯಾರೂ ಯಾಕೆ ಕೇಳಲಿಲ್ಲ ಎಂದಷ್ಟೇ ದೊಡ್ಡಮೇಡಂ ವಿಚಾರಿಸಿದಳು.

ಎಡ, ಬಲ ಎರಡಕ್ಕೂ ಬೇರೆ ನಂಬರು ಕೊಟ್ಟರೆ ಬಿಡಿಬಿಡಿಯಾಗಿ ಮಾರಬಹುದು ಎಂದ ಗೋದಾಮಿನವನು. ಮಿಕ್ಕ ಒಂಟಿ ಶೂಗಳನ್ನು ಎಲ್ಲ ಅಂಗಡಿಗಳಿಂದ ಒಂದೇ ಕಡೆಗೆ ತರಿಸಿದರೆ, ಇಲ್ಲಿ ಬೇಡವಾದ ಎಡ ಅಲ್ಲಿ ಎಡವೇ ಬೇಕಾದವರಿಗೆ ಆದೀತು. ಎರಡು ಪಾದ ಎರಡು ಅಳತೆ ಇರುವವರಿಗೂ ಅನುಕೂಲ. ಆದರೂ ಎಲ್ಲಕ್ಕೂ ಜೊತೆ ಸಿಗುವುದಿಲ್ಲ, ಒಂದಷ್ಟು ನಷ್ಟ ಖಂಡಿತ ಎಂದು ಲೆಕ್ಕಪತ್ರದವನು ತಲೆ ಅಲ್ಲಾಡಿಸಿದ.

“ಚಿತ್ರಕ್ಕೆ ಅಷ್ಟೊಂದು ಸುರಿಯೋವಾಗ ನೀವು ತಲೆ ಅಲ್ಲಾಡಿಸಲಿಲ್ವಲ್ಲ,” ಎಂದಳು ದೊಡ್ಡಮೇಡಂ. “ನಷ್ಟವೇ ಇಲ್ಲದೆ ಜೊತೆಗಿರ್ತೀವಿ ಅನ್ನೋದು ಬರೀ ಬಾಯಿಮಾತು. ಅಂಗಡಿ ಮೆಟ್ಟಿಲ ಪಕ್ಕ ಇಳಿಜಾರೂ ಆಗಬೇಕು. ಚಿತ್ರ ಸದ್ಯಕ್ಕೆ ಬೇಡ. ಮೊದಲು ಮಾಡೋಣ, ಆಮೇಲೆ ಹೇಳೋಣ.”

ಕಾದಿರಿಸಿದ ಟೀವಿ ಸಮಯಕ್ಕೆ ಶಾಲಾ ಶೂಗಳ ಹಳೆಯ ಜಾಹೀರಾತು ಹಾಕಬಹುದೆಂದು ಸೂಚಿಸಿದ್ದು ಮುಖ್ಯಸ್ಥನೇ. ಹೊರಗೆ ಬಂದಾಗ ಅವನು ದೂರು ಹೇಳಿರಲಿಲ್ಲವೆಂದು ತಿಳಿಯಿತು. ಅವಳ ಪ್ರಶ್ನೆಗೆ ತನ್ನ ಬಳಿ ಉತ್ತರವಿಲ್ಲ ಎಂದಷ್ಟೇ ಮೇಲಕ್ಕೆ ಬರೆದಿದ್ದ. ತಕರಾರಮ್ಮ ಮೆಟ್ಟಿಲ ಮೇಲೆ ಕೂತು ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಡಬ್ಬಿಯ ಅನ್ನವನ್ನೆಲ್ಲ ತಣ್ಣಗಿದ್ದರೂ ಒಂದಗುಳೂ ಬಿಡದೆ ತಿಂದಳು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಕಂಪನಿಯ ಸ್ವಂತ ಕಟ್ಟಡಗಳಲ್ಲಿದ್ದ ಅಂಗಡಿಗಳಿಗೆ ಇಳಿಜಾರು ದಾರಿ ಬೇಗ ಬಂತು. ಮೊದಲು ಕಟ್ಟಿದ್ದು ತೀರಾ ಕಡಿದಾಗಿತ್ತು. ಗಾಲಿಕುರ್ಚಿಯ ಹೆಂಗಸೊಬ್ಬಳು ಬಂದು ನೋಡಿ, ಇದು ಹತ್ತುವುದಕ್ಕಲ್ಲ, ಜಾರುವುದಕ್ಕೆ ಎಂದಳು. ಒಡೆಸಿ ಮತ್ತೆ ಕಟ್ಟಿಸಿದರು. ಅಂದಿನಿಂದ ಏನು ಕಟ್ಟುವ ಮೊದಲೂ ಆಕೆಯಂಥವರನ್ನು ಸಂಭಾವನೆ ಕೊಟ್ಟು ಕರೆಸಿ ಕೇಳುವ ಪದ್ಧತಿ ಬಂತು. ಬಾಡಿಗೆ ಕಟ್ಟಡದ ಮಾಲೀಕರು ಕೆಲವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಲ್ಲಿಗೆ ಮಡಚುವ ಹಲಗೆ ಇಡಿಸಿದರು. ಹಲಗೆಯೂ ಹಿಡಿಸದ ಅಂಗಡಿಗಳ ವಿಳಾಸಗಳನ್ನು, ಇಲ್ಲಿ ಇನ್ನೂ ಒಳಗೆ ಬರಲಾಗದು ಎಂದು ಕಂಪನಿಯ ವೆಬ್‌ಸೈಟಿನಲ್ಲಿ ಮುಚ್ಚುಮರೆಯಿಲ್ಲದೆ ಹಾಕಿದರು. ಹಾಕಲೇಬೇಕೆಂದು ಹಟ ಹಿಡಿದವನು ಮುಖ್ಯಸ್ಥ. ಅದೇ ಸಮಯಕ್ಕೆ ಬೇರೊಂದು ಕಂಪನಿ ಅಂಥದೇ ಚಿತ್ರ ಬಿಟ್ಟು, ಅವರ ಅಂಗಡಿಯ ಬಾಗಿಲಲ್ಲಿ ಗಾಲಿಕುರ್ಚಿ ಸಿಕ್ಕಿಕೊಂಡ ಫೋಟೊ ಊರೆಲ್ಲ ಹರಿದಾಡಿದಾಗ, ಅವನು ಅವಳ ಮೇಜಿನ ಬಳಿ ಬಂದು ಒಂದು ಲೋಟ ಕಾಫಿ ಇಟ್ಟು ಹೋದ.

ಒಂಟಿ ಶೂ ಮಾರಾಟ ಶುರುವಾದದ್ದು ಸದ್ದುಗದ್ದಲವಿಲ್ಲದೆ, ಕೌಂಟರಿನ ಮೇಲಿನ ಒಂದು ಪುಟ್ಟ ಫಲಕದಿಂದ. ತಕರಾರಮ್ಮನ ಜೊತೆ ಬಂದ ಚಿಕ್ಕಪ್ಪ ಊರುಗೋಲು ಊರಿಕೊಂಡು ಕಂಬಿ ಹಿಡಿದು ಇಳಿಜಾರು ಹತ್ತಿ ಒಳಗೆ ಹೋದ, ಎಲ್ಲ ಬಣ್ಣಗಳನ್ನೂ ಕೆಳಗಿಳಿಸಲು ಹೇಳಿದ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಮೂಗು ಮುರಿದ. ಕೊನೆಗೆ ಕಂದು ಬಣ್ಣದ್ದೊಂದನ್ನು ಆರಿಸಿಕೊಂಡ. ಅರ್ಧ ಬೆಲೆಗೆ ಬಿಲ್ ಬಂತು.

“ಡಬ್ಬ ಮಾತ್ರ ಪೂರ್ತಿ ಕೊಟ್ಟಿದ್ದಾರೆ,” ಎಂದ ಹೊರಬಂದು. “ಅರ್ಧ ಜಾಗಕ್ಕೆ ಏನು ತುಂಬ್ಲಿ?”

ಬಸ್ಸಿನಲ್ಲಿ ಸೀಟು ಸಿಕ್ಕಿತು. ಎಷ್ಟೋ ತಿಂಗಳಿಂದ ಕಟ್ಟಿಕೊಂಡಿದ್ದ ಹೆಗಲು ಸಡಿಲವಾಗಿ, ಅವಳು ಚಿಕ್ಕಪ್ಪನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಮನೆಯ ನಿಲ್ದಾಣ ಬಂದಾಗ ಅವನು ಮೊಣಕೈಯಿಂದ ತಿವಿದು ಎಬ್ಬಿಸಿ, ಏನು ಗೊರಕೆ ಹೊಡೆಯುತ್ತೀಯೇ, ಕಂಡಕ್ಟರ್ ಕೂಡ ತಿರುಗಿ ನೋಡಿದ ಎಂದು ಗದರಿದ.