ದೊಡ್ಡ ತಟ್ಟೆಯ ಗೆಲುವು

ಎಂಬತ್ತರ ದಶಕದಲ್ಲಿ ಪೀಣ್ಯದ ನಮ್ಮ ಕಾರ್ಖಾನೆಯ ಯೂನಿಯನ್ ಕೇಳಿದ್ದು ನಮಗೊಬ್ಬ ಡಾಕ್ಟರು ಬೇಕೆಂದು. ಮ್ಯಾನೇಜ್‌ಮೆಂಟ್ ಕೊಟ್ಟಿದ್ದು ಕ್ಯಾಂಟೀನಿಗೆ ದೊಡ್ಡ ಸ್ಟೀಲ್ ತಟ್ಟೆಗಳನ್ನು. ಗೆದ್ದೆವೆಂದು ನಾವು ಗೇಟಿನ ಮುಂದೆ ಪಟಾಕಿ ಹೊಡೆದೆವು.

ತಟ್ಟೆಯ ತಳ ಕಾಣುವಂತೆ ಬಡಿಸಿದರೆ ನಮಗೆ ಅವಮಾನ. ಹಳೆಯ ತಟ್ಟೆಯಲ್ಲಿ ಗುಡ್ಡೆಯಾಗಿ ಕಾಣುತ್ತಿದ್ದ ಅನ್ನ ಹೊಸದರಲ್ಲಿ ಒಂದು ಮೂಲೆ ಸೇರಿತು. "ಏನಣ್ಣ, ಕೋಳಿಗೆ ಹಾಕ್ದಂಗೆ ಹಾಕ್ತೀಯಾ?" ಎಂದು ನನ್ನ ಪಕ್ಕದ ಲೇತ್ ಯಂತ್ರದ ಗೆಳೆಯ ಬಡಿಸುವವನ ಮೇಲೆ ರೇಗಿದ. ಅವನು ಎಲ್ಲರಿಗೂ ಇನ್ನೊಂದು ಸೌಟು ಹಾಕತೊಡಗಿದ. ಬಡಿಸಿದ ಅನ್ನ ಬಿಟ್ಟು ಏಳುವ ಜನ ನಾವಲ್ಲ. ಕೆಲವೇ ವಾರಗಳಲ್ಲಿ ಅದೇ ನಮ್ಮ ಅಳತೆಯಾಯಿತು. ಹೆಚ್ಚು ತಿನ್ನುತ್ತಿದ್ದೇವೆಂದು ಯಾರಿಗೂ ಅನ್ನಿಸಲೇ ಇಲ್ಲ. ಯೂನಿಫಾರಂ ಪ್ಯಾಂಟು ಬಿಗಿಯಾದಾಗ, ಕಂಪನಿ ಕಳಪೆ ಬಟ್ಟೆ ಕೊಟ್ಟಿದೆ ಎಂದು ಅದಕ್ಕೂ ಜಗಳವಾಡಿದೆವು.

ನಿವೃತ್ತಿಯ ದಿನ ಕಂಪನಿ ನೆನಪಿನ ಕಾಣಿಕೆಯಾಗಿ ಕೊಟ್ಟದ್ದೂ ಅಂಥದೇ ತಟ್ಟೆ. ಅದೀಗ ಅಟ್ಟದ ಮೇಲಿದೆ. ನನಗೂ ಆ ಗೆಳೆಯನಿಗೂ ಸಕ್ಕರೆ ಕಾಯಿಲೆ. ನಾನು ಮೊಮ್ಮಗಳ ಪುಟ್ಟ ತಟ್ಟೆಯಲ್ಲಿ ಉಣ್ಣುತ್ತೇನೆ. ಸ್ವಲ್ಪ ಅನ್ನಕ್ಕೇ ಅದು ತುಂಬುತ್ತದೆ, ನನಗೂ ಸಾಕೆನ್ನಿಸುತ್ತದೆ.

ಅಂದು ಕೇಳಿದ್ದ ಡಾಕ್ಟರು ಮಾತ್ರ ಈಗ ತಿಂಗಳಿಗೊಮ್ಮೆ ತಪ್ಪದೆ ಸಿಗುತ್ತಾರೆ.