ನಿರಾಸೆಗೆ ಆ ಮನೆಯಲ್ಲಿ ಪದವಿರಲಿಲ್ಲ

ಯಾರ ಮಾತನ್ನಾದರೂ ಗಮನವಿಟ್ಟು ಕೇಳಬೇಕೆನಿಸಿದರೆ ಅತ್ತೆ ಮೊದಲು ಎಡಗಿವಿಯ ಓಲೆ ಬಿಚ್ಚುತ್ತಿದ್ದರು. ಬಿಚ್ಚಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ತಲೆ ಓರೆ ಮಾಡುತ್ತಿದ್ದರು. ಕೊಯಮತ್ತೂರಿನ ಕುರಿಚಿಯ ಒಂದು ಎರಕದ ಕಾರ್ಖಾನೆಯಲ್ಲಿ ಅವರು ಬಹಳ ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಓಲೆಯ ಮೇಲೆ ಹೆಡ್‌ಫೋನ್ ಒತ್ತಿದರೆ ನೋಯುತ್ತದೆಂದು ಬಿಚ್ಚುವುದು ಅಭ್ಯಾಸವಾಗಿತ್ತು. ಬೋರ್ಡು ಹೋಯಿತು, ಕೆಲಸ ಮುಗಿಯಿತು, ಅಭ್ಯಾಸ ಉಳಿಯಿತು. ಎಡಗಿವಿಯ ತೂತು ಬಲಗಿವಿಯದಕ್ಕಿಂತ ಉದ್ದವಾಗಿತ್ತು. ಅಥವಾ ನನಗೆ ಹಾಗೆ ನೆನಪಿದೆ. ಫೋಟೋದಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಅವರು ನನ್ನ ಗಂಡನ ತಾಯಿ. ಅದೇ ಊರಿನ ಅಂಚಿನ ತುಡಿಯಲೂರಿನ ಮನೆಗೆ ನಾನು ಮೈಸೂರಿನಿಂದ ಬಂದೆ. ಅವರದು ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡ. ಒಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಹೊಸ್ತಿಲ ಮೇಲೆ ಎರಡೂ. ನಾನು ಬರೆಯುವ ಕನ್ನಡ ಅವರಿಗೆ ಓದಲು ಬರುತ್ತಿರಲಿಲ್ಲ. "ಏನೋ ಇರುವೆ ಸಾಲು ಇದ್ದಂಗೆ ಇದೆ ಅಮ್ಮಿಣಿ, ನೀನೇ ಓದಿ ಸೊಲ್ಲು" ಅನ್ನುತ್ತಿದ್ದರು. ಅಮ್ಮಿಣಿ ಅಂದರೆ ಮಗಳೇ, ಸೊಲ್ಲು ಅಂದರೆ ಹೇಳು. ಓದಿದರೆ ಓಲೆ ಬಿಚ್ಚಿ ಕೇಳುತ್ತಿದ್ದರು. ಇಷ್ಟವಾಗದಿದ್ದರೆ ಅರ್ಧಕ್ಕೇ ಓಲೆ ಹಾಕಿಕೊಳ್ಳುತ್ತಿದ್ದರು.

ಕಾರ್ಖಾನೆ ಬಿಟ್ಟ ಮೇಲೆ ಅವರು ಕೊಯಮತ್ತೂರಿನ ಒಂದು ಸಹಾಯವಾಣಿಗೆ ವಾರದಲ್ಲಿ ಕೆಲವು ದಿನ ಹೋಗುತ್ತಿದ್ದರು. ಕಷ್ಟದಲ್ಲಿರುವ ಹೆಂಗಸರು ಫೋನ್ ಮಾಡುವ ಜಾಗ. ಸೇರುವಾಗ ಅಲ್ಲಿ ತರಬೇತಿ ಕೊಟ್ಟಿದ್ದರಂತೆ: ತೀರ್ಪು ಕೊಡಬೇಡಿ, ನಡೆದದ್ದು ಏನು ಕೇಳಿ, ಅವರಿಗೆ ಏನಾಗುತ್ತಿದೆ ಕೇಳಿ, ಏನು ಬೇಕಿದೆ ಕೇಳಿ. ಅದನ್ನೆಲ್ಲ ಅವರು ಮನೆಗೂ ತಂದರು. ಆದರೆ ಸಂತರಾಗಲಿಲ್ಲ. ಬಾಗಿಲಲ್ಲಿ ಹೆಚ್ಚು ದುಡ್ಡು ಕೇಳಿದ ಆಟೋದವನಿಗೆ ಬೀದಿಯೆಲ್ಲ ಕೇಳುವಂತೆ ಬೈಯುತ್ತಿದ್ದರು. "ಅವನ ಹತ್ತಿರ ನಿಮ್ಮ ತರಬೇತಿ ಇಲ್ಲವಾ ಅತ್ತೆ?" ಎಂದು ನಾನು ಚುಚ್ಚಿದರೆ, "ಅವನ ಕೂಡ ನಾನು ಸಂಸಾರ ಮಾಡ್ಬೇಕಾ?" ಎಂದು ಒಳಗೆ ಹೋಗುತ್ತಿದ್ದರು.

ನನ್ನ ಅಮ್ಮನ ವರ್ಷದ ತಿಥಿ ಮೈಸೂರಿನಲ್ಲಿ. ಗಂಡನಿಗೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಸರಕು ಹಡಗಿಗೆ ಕಳಿಸುವ ಜವಾಬ್ದಾರಿ. ನಾನು ಹಿಂದಿನ ದಿನ ಬಸ್ಸಿಗೆ ಹೋದೆ. ಬೆಳಿಗ್ಗೆ ಪೂಜೆ ಶುರುವಾಗುವ ಮೊದಲು ಕಾರಿನಲ್ಲಿ ಬರುತ್ತೇನೆ ಎಂದು ಗಂಡ ಹೇಳಿದ್ದರು. ಬಂದಾಗ ಬಾಳೆಲೆ ತೆಗೆದು ನೆಲ ಒರೆಸುತ್ತಿದ್ದೆವು.  ಇಬ್ಬರೂ ಕಾರಿನಲ್ಲಿ ದಿಂಬಂ ಘಾಟಿ ಇಳಿದು ವಾಪಸಾದೆವು. ಮನೆ ಮುಟ್ಟಿ, ಚಪ್ಪಲಿ ಬಿಡುತ್ತಾ, "ನನಗೆ ತುಂಬ ನಿರಾಸೆಯಾಯಿತು" ಎಂದೆ.

"ನಿರಾಸೆ ಅಂದ್ರೆ?" ಎಂದರು ಗಂಡ. ಅಣಕವಲ್ಲ. ಆ ಮನೆಯ ಕನ್ನಡದಲ್ಲಿ ಆ ಪದವಿರಲಿಲ್ಲ. ಅಲ್ಲಿ ಅದಕ್ಕೆ ತಮಿಳಿನ ಪದವೇ ಬಳಕೆ, ಏಮಾತ್ತಂ. ನಾನು ಆಗ ತಮಿಳನ್ನು ಕೇಳಿ ಕೇಳಿ ಕಲಿಯುತ್ತಿದ್ದವಳು. ಆ ಪದವನ್ನೇ ಕ್ರಿಯಾಪದ ಮಾಡಿ, ಮರ್ಯಾದೆಯನ್ನೂ ಸೇರಿಸಿ ಹೇಳಿದೆ: "ಏಮಾತ್ತಿಟ್ಟೀಂಗ."

ನಿರಾಸೆಯಾಯಿತು ಎಂದು ಹೇಳಿದೆನೆಂದುಕೊಂಡೆ. ಮೋಸ ಮಾಡಿಬಿಟ್ಟಿರಿ ಎಂದು ಹೇಳಿದ್ದೆ.

ಅವರ ಮುಖ ಬಿಳಿಚಿತು. "ನಾನು ಏಮಾತ್ತಿದವನಾ? ರಾತ್ರಿಯೆಲ್ಲ ಕಂಟೇನರ್ ತುಂಬಿಸಿ, ಬೆಳಿಗ್ಗೆ ನಿದ್ದೆಯಿಲ್ಲದೆ ಕಾರು ಓಡಿಸ್ಕೊಂಡು ಬಂದವನು ಏಮಾತ್ತಿದವನಾ?" ತಪ್ಪು ಪದವೆಂದು ಆಗಲೇ ಗೊತ್ತಾಗಿದ್ದರೂ ನಾನು ತಿದ್ದಿಕೊಳ್ಳುತ್ತಿದ್ದೆನೋ ಇಲ್ಲವೋ. ಆ ಹೊತ್ತಿಗೆ ಅದು ಸರಿಯಾದ ಪದವೇ ಅನ್ನಿಸಿತ್ತು. ಅಲ್ಲಿಂದ ನಮ್ಮಿಬ್ಬರ ಮಾತು ಊಟವಾಯಿತಾ, ಬೀಗ ಎಲ್ಲಿ ಎನ್ನುವಷ್ಟಕ್ಕೆ ಇಳಿಯಿತು. ನಾನು ಮೈಸೂರಿನ ಅಕ್ಕನ ಮನೆಗೆ ಹೋಗಲು ಬ್ಯಾಗು ತುಂಬಿಟ್ಟೆ. ವಾಪಸು ಯಾವಾಗ ಎಂದು ಯಾರಿಗೂ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಮುಂದಿನದು ಅಡುಗೆಮನೆಯಲ್ಲಿ ನಡೆಯಿತು ಎಂದು ಬರೆಯಲು ಕೈ ಹೋಗುತ್ತದೆ. ಮಹಡಿಯ ಮೇಲಿರಬಹುದು, ಬಟ್ಟೆ ಒಣಗಿದ ವಾಸನೆಯೂ ನೆನಪಿದೆ, ಕರಿಬೇವಿನ ವಾಸನೆಯೂ ನೆನಪಿದೆ. ಒಂದು ಮಧ್ಯಾಹ್ನದ ಮಾತೋ, ಹಲವು ಮಧ್ಯಾಹ್ನಗಳದ್ದನ್ನು ನಾನು ಒಂದಾಗಿ ಹೊಲಿದಿದ್ದೇನೋ. ಅತ್ತೆ ಪಾಠದಂತೆ ಸಾಲಾಗಿ ಹೇಳಿದವರಲ್ಲ. ಆದರೆ ಓಲೆ ಬಿಚ್ಚಿದ್ದರು, ಅದು ಖಂಡಿತ.

"ಅವನಿಗೆ ಏನು ಸೊಲ್ಲಬೇಕು ಅಂತಿದ್ದೆ? ನನಗೆ ಹೇಳು."

"ನಿಮ್ಮ ಮಗನಿಗೆ ನನ್ನ ಅಮ್ಮನ ಬೆಲೆ ಗೊತ್ತಿಲ್ಲ."

"ಅದು ಅವನ ಮನಸಿನ ಸುದ್ದಿ. ನೀನು ಒಳಗೆ ಹೋಗಿ ನೋಡ್ಕೊಂಡು ಬಂದ್ಯಾ? ನಿನ್ನ ಸುದ್ದಿ ಹೇಳು."

"ನನ್ನ ಕೈಬಿಟ್ಟರು ಅನ್ನಿಸಿತು."

"ಕಡೇಲಿ ಅನ್ನಿಸ್ತು ಅಂತ ಬಾಲ ಹಚ್ಚಿದ್ರೆ ಬೈಗುಳ ಬೇಜಾರು ಆಗೋಗುತ್ತಾ? ಕೈಬಿಟ್ಟದ್ದು ಅವನು. ಅದರೊಳಗೆ ನೀನೆಲ್ಲಿ?"

ನನಗೆ ಸಿಟ್ಟು ಬಂತು. ಮಗನ ಪರ ವಕೀಲಿಕೆ ಎಂದುಕೊಂಡೆ, ಅಂದೂ ಬಿಟ್ಟೆ. ಅವರು ನಕ್ಕರು. "ಅವನ ಪರ ಆಗಿದ್ರೆ ನೀನು ಹೀಗೇ ಬೈದು ಊರಿಗೆ ಹೋಗು ಅಂತಿದ್ದೆ, ಕಣ್ಣು. ಅವನಿಗೆ ಅದು ಸುಲಭ. ಏಮಾತ್ತಿಲ್ಲ ಅಂತ ಸಾಕ್ಷಿ ಕೊಟ್ಟು ಗೆದ್ದುಬಿಡ್ತಾನೆ. ನೋಡು, ನೀನು ಸೊಲ್ಲಿದ ಆ ಪದದಲ್ಲಿ ಇಬ್ಬರು ಇದ್ದಾರೆ. ಒಬ್ಬ ಏಮಾತ್ತಿದವನು, ಒಬ್ಬಳು ಏಮಾಂದವಳು, ಮೋಸ ಹೋದವಳು. ನಿಮ್ಮ ಊರಿನ ಆ ಪದ ಏನು, ನಿರಾಸೆ, ಅದರಲ್ಲಿ ಒಬ್ಬಳೇ ಇದ್ದಾಳೆ. ಅವಳ ಬಗ್ಗೆ ಹೇಳು."

ನಾನು ಪದ ಹುಡುಕಿದೆ. ದುಃಖವಾಯಿತು ಎಂದೆ. ಎಲ್ಲರ ನಡುವೆ ಒಂಟಿ ಅನ್ನಿಸಿ ಹೆದರಿಕೆಯೂ ಆಯಿತು ಎಂದೆ.

"ಹೂಂ. ಯಾಕೆ?"

"ಯಾಕೆಂದರೆ ಅವರು ಬರಲಿಲ್ಲ."

"ಮತ್ತೆ ಅವನೇ ಬಂದ! ಅವನು ಬರದಿದ್ದದ್ದು ನಡೆದ ಸಂಗತಿ. ಅದನ್ನ ಮೊದಲೇ ಹೇಳ್ಬಿಡು, ಕ್ಯಾಮೆರಾದಲ್ಲಿ ಕಂಡಷ್ಟು ಮಾತ್ರ. ನೋವು ಅದರಿಂದ ಅಲ್ಲ. ಅದೇ ದಿನ ಅಕ್ಕನ ಗಂಡ ಬರದಿದ್ರೆ ನಿನಗೆ ಹಿಂಗೆ ಆಗ್ತಿತ್ತಾ? ನಿನಗೆ ಏನೋ ಬೇಕಿತ್ತು, ಸಿಗಲಿಲ್ಲ. ಏನು ಬೇಕಿತ್ತು?"

"ಅವರು ಬರಬೇಕಿತ್ತು" ಎಂದು ಬಾಯಿಗೆ ಬಂತು. ಅದೂ ಅವನೇ ಎಂದು ನನಗೇ ತಿಳಿಯಿತು. ಅಮ್ಮನ ಫೋಟೋಗೆ ಹೂ ಇಡುವಾಗ, ಅಮ್ಮ ನನಗೆ ಏನಾಗಿದ್ದಳೆಂದು ಗೊತ್ತಿರುವ ಒಬ್ಬರು ಪಕ್ಕದಲ್ಲಿ ಇರಬೇಕಿತ್ತು. ಅಷ್ಟೇ. ಅದನ್ನು ಹೇಳುವಾಗ ಅತ್ತು ಬಿಟ್ಟೆ. ತಿಥಿಯ ದಿನ ಅತ್ತಿರಲಿಲ್ಲ.

ಅತ್ತೆ ಸಮಾಧಾನ ಮಾಡಲಿಲ್ಲ. ಅಳು ಮುಗಿದ ಮೇಲೆ, "ಇನ್ನೊಂದು ಬಾಕಿ" ಎಂದರು. "ಅವನ ಹತ್ತಿರ ಈಗ ಏನಾದ್ರೂ ಕೇಳು. ಹೋದ ತಿಥಿಗೆ ಬಾ ಅಂತ ಕೇಳೋಕಾಗಲ್ಲ. ನನ್ನ ಅರ್ಥ ಮಾಡ್ಕೋ ಅಂತ ಕೇಳಿದ್ರೂ ಪಾಪ, ಅವನಿಗೆ ಏನು ಮಾಡ್ಬೇಕು ಅಂತ ತಿಳಿಯಲ್ಲ. ಕೈಯಲ್ಲಿ ಮಾಡೋ ಅಂಥದ್ದು ಕೇಳು. ಅವನು ಆಗಲ್ಲ ಅಂದ್ರೂ ನೀನು ಮುಖ ತಿರುಗಿಸಬಾರದು. ತಿರುಗಿಸೋ ಹಾಗಿದ್ರೆ ಅದು ಕೇಳೋದಲ್ಲ, ಅಧಿಕಾರ."

"ನೀವು ಮಾವನಿಗೆ ಹೀಗೆಲ್ಲ ಹೇಳುತ್ತಿದ್ದಿರಾ?"

ಅವರು ಅಂಗೈಯನ್ನು ನೋಡಿಕೊಂಡರು. ಅತ್ತೆ ಹುಟ್ಟಿದ ಊರು ಧಾರಾಪುರಂ. ಮದುವೆಯಾದ ಹೊಸತರಲ್ಲಿ, ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮಾವ, ಒಂದು ದಿನ ಅಲ್ಲಿನ ಅಮರಾವತಿ ಹೊಳೆಗೆ ಕರಕೊಂಡು ಹೋಗಿ ಸಂಜೆಯವರೆಗೆ ಕೂರಿಸುತ್ತೇನೆ ಎಂದಿದ್ದರಂತೆ. "ಪ್ರತಿ ಸಲ ತಪ್ಪಿದಾಗ ನಾನು ಏನಂದೆ ಗೊತ್ತಾ? ನಿಮಗೆ ಯಾವಾಗಲೂ ಮಿಲ್ಲೇ ದೊಡ್ಡದು ಅಂದೆ. ಅವರು ಯಾವಾಗಲೂ ಅನ್ನೋದಕ್ಕೆ ಉತ್ತರ ಕೊಟ್ಟರು. ಹೋದ ಪೊಂಗಲಿಗೆ ಮನೇಲಿ ಇದ್ದೆ ಅಲ್ವಾ ಅಂತ. ನಿಜ, ಇದ್ದರು. ಹೊಳೆ ಬೇಕು, ಅಲ್ಲಿ ನಾನು ಯಾರ ಮಗಳು ಅಂತ ನಿಮಗೆ ತೋರಿಸ್ಬೇಕು ಅಂತ ನಾನು ಸೊಲ್ಲವೇ ಇಲ್ಲ. ಕೇಳಿದ್ರೆ ಆಗಲ್ಲ ಅಂತಲೇ ಅಂತಿದ್ದರೋ ಏನೋ. ಆದ್ರೆ ಅವರಿಗೆ ಗೊತ್ತಾದ್ರೂ ಆಗ್ತಿತ್ತು." ಮಾವ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಸಹಾಯವಾಣಿಯ ತರಬೇತಿ ಅವರು ಹೋದ ಮೇಲೆ ಬಂದದ್ದು.

ಭಾನುವಾರ ಬೆಳಿಗ್ಗೆ ಅತ್ತೆ ಹೂ ತರುತ್ತೇನೆಂದು ಹೊರಟರು. ಹೂವಿನವಳು ಮನೆ ಬಾಗಿಲಿಗೇ ಬರುತ್ತಿದ್ದಳು.

ನಾನು ಗಂಡನಿಗೆ ಹೇಳಿದೆ. ಪೂಜೆಗೆ ಮೊದಲು ಬರುತ್ತೇನೆ ಎಂದಿದ್ದಿರಿ, ಊಟ ಮುಗಿದ ಮೇಲೆ ಬಂದಿರಿ. ನನಗೆ ದುಃಖವಾಯಿತು, ಒಂಟಿ ಅನ್ನಿಸಿತು. ಅಮ್ಮನನ್ನು ನೆನೆಯುವಾಗ ಜೊತೆಗೆ ಒಬ್ಬರು ಬೇಕಿತ್ತು. ಈವತ್ತು ಸ್ವಲ್ಪ ಹೊತ್ತು ಅಮ್ಮನ ವಿಷಯ ಹೇಳುತ್ತೇನೆ, ಕೇಳುತ್ತೀರಾ? ಬಾಯಿಪಾಠದಂತೆ ಕೇಳಿಸಿರಬೇಕು. ಬಾಯಿಪಾಠವೇ ಆಗಿತ್ತು.

"ಕಂಟೇನರ್..." ಎಂದು ಶುರು ಮಾಡಿದರು. ಯಾವಾಗಲೂ ಇದೇ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. "ಬರೋಕಾಗದೆ ನಿಮಗೂ ಭಯ ಆಗಿತ್ತಾ?" ಎಂದು ಕೇಳಿದೆ. ಅವರು ಕಂಟೇನರಿನ ಮಾತು ಬಿಟ್ಟರು. ದಾರಿಯೆಲ್ಲ ಗಡಿಯಾರ ನೋಡಿದ್ದು, ಅಷ್ಟು ತಡವಾಗಿ ಒಳಗೆ ಬರಲು ನಾಚಿಕೆಯಾಗಿದ್ದು ಹೇಳಿದರು. ಆಮೇಲೆ, "ಪೂಜೇಲಿ ಒಬ್ಬಳೇ ನಿಂತಿದ್ಯಾ?" ಎಂದರು.

"ಹೂಂ."

"ಈವತ್ತು ಆಗಲ್ಲ. ಮಧ್ಯಾಹ್ನ ಕಂಪನಿಗೆ ಬಯ್ಯರ್ ಬರ್ತಾನೆ. ನಾಳೆ ಬೆಳಿಗ್ಗೆ ಕೇಳ್ತೀನಿ."

ಆಗಲ್ಲ ಎಂಬುದನ್ನು ನುಂಗಲು ನನಗೆ ಕಷ್ಟವಾಯಿತು. ಮುಖ ತಿರುಗಿತೋ ಇಲ್ಲವೋ, ಕನ್ನಡಿ ಇರಲಿಲ್ಲ. ಮರುದಿನ ಅವರೇ ಕಾಫಿ ತಂದು ಕೂತರು. ನಾನು ಅಮ್ಮನ ಗೊರಕೆಯಿಂದ ಶುರು ಮಾಡಿದೆ. ಬ್ಯಾಗಿನ ಬಟ್ಟೆ ಯಾವಾಗ ಬೀರುವಿಗೆ ಹೋಯಿತೆಂದು ನೆನಪಿಲ್ಲ. ಇಬ್ಬರೂ ಎಲ್ಲವನ್ನೂ ಹೀಗೇ ಆಡಿದೆವು ಎಂದಲ್ಲ. ಆಮೇಲೂ ಎಷ್ಟೋ ಸಲ ಬೈದಾಡಿದ್ದೇವೆ. ಅತ್ತೆ ಟಿವಿಯ ಸದ್ದು ಹೆಚ್ಚು ಮಾಡಿಕೊಂಡು ಕೂತಿದ್ದಾರೆ.

ಅತ್ತೆ ಕಳೆದ ವರ್ಷ ಹೋದರು. ಶ್ವಾಸಕೋಶದಲ್ಲಿ ನೀರು ತುಂಬಿ, ಕೊನೆಗೆ ಮಾತು ನಿಂತಿತ್ತು. ನಾವು ಹೇಳುವುದು ಕೇಳಿಸುತ್ತದೆಂದು ನಂಬಿ ಹೇಳುತ್ತಿದ್ದೆವು. ಈ ಬರಹವನ್ನು ಅವರು ಓದಲಾರರು ಎಂದು ಬರೆಯಹೊರಟು ನಿಲ್ಲಿಸಿದೆ, ಬದುಕಿದ್ದರೂ ಓದುತ್ತಿರಲಿಲ್ಲ. ನಾನು ಓದಿ ಹೇಳಬೇಕಿತ್ತು. ಅದು ಬೇಕು ನನಗೆ.

ಅವರು ಹೋದ ಕೆಲವು ವಾರಗಳ ನಂತರ ಒಂದು ಸಂಜೆ ನಾನು ಸಿಟಿಯಿಂದ ತಡವಾಗಿ ಬಂದೆ. ಗಂಡ ಅತ್ತೆಯ ಮಂಚದ ಮೇಲೆ ಕೂತಿದ್ದರು. ದೀಪ ಹಾಕಿರಲಿಲ್ಲ.

"ನೀನು ಆರಕ್ಕೆ ಬರ್ತೀನಿ ಅಂದೆ" ಎಂದರು. "ಕತ್ತಲಾದ ಮೇಲೆ ಬಂದೆ." ಬಸ್ಸು, ಟ್ರಾಫಿಕ್ಕು ಎಲ್ಲ ನನ್ನ ಬಾಯಲ್ಲಿ ಸಾಲಾಗಿ ನಿಂತವು. "ಮನೆ ಖಾಲಿ ಇತ್ತು. ಹೆದರಿಕೆ ಆಯ್ತು. ಯಾರಾದ್ರೂ ಬೇಕಿತ್ತು."

ಕೇಳುವುದೊಂದು ಬಾಕಿ ಉಳಿಯಿತು. 

"ನಾನೇನು ಮಾಡಲಿ?" ಎಂದು ಕೇಳಿದೆ.

"ಅಮ್ಮ ಬೇಕು" ಎಂದರು.

ನಾನು ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತೆ. ಕೈಯಲ್ಲಿ ಮಾಡುವಂಥದ್ದನ್ನು ಅವರು ಕೇಳಿರಲಿಲ್ಲ, ಆಗಲ್ಲ ಎಂದು ನಾನೂ ಹೇಳಲಿಲ್ಲ.