ಕಸ್ತೂರಿಯ ಬಲಗಡೆ ಪುಟ

ಸುರಪುರದ ಕಸ್ತೂರಿಯ ನೋಟ್ಸ್ ಕಂಡವರು ದಂಗಾಗುತ್ತಿದ್ದರು. ಎಡಗಡೆ ಪುಟಕ್ಕೊಬ್ಬ ಮನೋವಿಜ್ಞಾನದ ಮಹಾಶಯ: ಪಿಯಾಜೆ, ವೈಗೋಟ್ಸ್ಕಿ, ಕೊಹ್ಲಬರ್ಗ್, ಸ್ಕಿನ್ನರ್. ಕೆಂಪು ಶಾಯಿಯಲ್ಲಿ ಹೆಸರು, ನೀಲಿಯಲ್ಲಿ ಸಿದ್ಧಾಂತ, ಸುತ್ತಲೂ ಬಳ್ಳಿಯ ಚಿತ್ತಾರ. ಬಲಗಡೆ ಪುಟದ ತಲೆಯಲ್ಲಿ ‘ತರಗತಿಯಲ್ಲಿ ಅನ್ವಯ’ ಎಂದು ಬರೆದು, ಕೆಳಗೆ ಎಲ್ಲ ಮಹಾಶಯರಿಗೂ ಒಂದೇ ಸಾಲು: ಶಿಕ್ಷಕರು ವೈಯಕ್ತಿಕ ಭಿನ್ನತೆಗಳನ್ನು ಗಮನಿಸಬೇಕು. ಮದುವೆ ಮನೆಯಲ್ಲಿ ಬಂದವರಿಗೆಲ್ಲ ಒಂದೇ ಅಳತೆಯ ಕುಪ್ಪಸ ಹಂಚಿದ ಹಾಗೆ.

ಅದಕ್ಕೇ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಎರಡು ಸಲ ಕೂದಲೆಳೆಯಲ್ಲಿ ಕೈತಪ್ಪಿತ್ತು. ಯಾರು ಏನು ಹೇಳಿದರು ಅಂದರೆ ಪಟಪಟ ಒಪ್ಪಿಸುತ್ತಿದ್ದಳು. ‘ಮಗು ಹೀಗೆ ಮಾಡಿದರೆ ಶಿಕ್ಷಕಿ ಏನು ಮಾಡಬೇಕು’ ಎಂದು ಕೇಳಿದರೋ, ಮುಗಿಯಿತು ಕಥೆ. ಎರಡೂ ಸಲ ಒಂದು ಪ್ರಶ್ನೆಯಂತೂ ಅವಳನ್ನು ಒಂದೇ ಕಡೆ ಕೆಡವಿತ್ತು. ಮಗು ಕಲಿಯುತ್ತಾ ಬಂದಂತೆ ಶಿಕ್ಷಕಿಯ ಸಹಾಯ ಹೇಗಿರಬೇಕು? ಕೊನೆಯವರೆಗೂ ಅಷ್ಟೇ ಇರಬೇಕು ಎಂದು ಗುರುತು ಹಾಕಿ ಬಂದಿದ್ದಳು. ಒಳ್ಳೆಯ ಶಿಕ್ಷಕಿ ನಡುವೆ ಕೈ ಬಿಡುತ್ತಾಳೇನು ಎಂಬುದು ಅವಳ ವಾದ.

ಈ ಸಲವೂ ಬಿದ್ದರೆ ಸಗರದ ಶಾಲೆಯೂ ಹೋಗುತ್ತಿತ್ತು. ಅಲ್ಲಿ ಆಕೆ ಎರಡನೇ ತರಗತಿಗೆ ಅತಿಥಿ ಶಿಕ್ಷಕಿ. ಬರುವ ಜೂನ್‌ನಿಂದ ಟಿಇಟಿ ಪಾಸಾದವರಿಗೇ ಮೊದಲ ಅವಕಾಶ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಬಸ್ಸಿನಿಂದ ಇಳಿದರೆ ಸಾಕು, ‘ಟೀಚರ್ ಬಂದ್ರು’ ಎಂದು ಗೇಟಿಗೆ ಜೋತುಬೀಳುವ ಆ ಹುಡುಗರನ್ನು ಬೇರೆಯವರ ಕೈಗೆ ಕೊಡಲು ಕಸ್ತೂರಿಗೆ ಸುತರಾಂ ಮನಸ್ಸಿರಲಿಲ್ಲ.

ಒಂದು ಭಾನುವಾರ ಶಹಾಪುರದಿಂದ ಗೆಳತಿ ಶಾಯಿಸ್ತಾ ಬಂದಳು. ಡಿ.ಎಡ್.ನಲ್ಲಿ ಜೊತೆಗೆ ಓದಿದವಳು, ಟಿಇಟಿ ಆಗಲೇ ದಾಟಿದವಳು. ಬಲಗಡೆ ಪುಟಗಳನ್ನು ಮಗುಚಿ ನೋಡಿ ನಕ್ಕಳು.

“ಇವೆಲ್ಲ ಗೈಡ್ ನೋಡಿ ಬರದದ್ದು. ಕಣ್ಣಿಂದ ನೋಡಿದ್ದು ಒಂದರ ಐತೇನು?”

ಕಸ್ತೂರಿ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ರಂಪ ಶುರುವಾಯಿತು. ಅಣ್ಣನ ಮಗಳು, ಐದು ವರ್ಷದ ನಿಂಗಿ, ತನ್ನ ಚಹಾದ ಗ್ಲಾಸನ್ನು ಅತ್ತೆಯ ಗ್ಲಾಸಿನ ಪಕ್ಕದಲ್ಲಿಟ್ಟು, ಎರಡೂ ಸಮ ಎಂದು ಒಪ್ಪಿಕೊಂಡಿದ್ದಳು. ಆರಲಿ ಎಂದು ಅವಳ ತಾಯಿ ಸವಿತಾ ಅದನ್ನು ಅಗಲ ಬಟ್ಟಲಿಗೆ ಸುರುವಿದ್ದೇ ತಡ, ಹುಡುಗಿ ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. “ನಂದು ಕಮ್ಮಿ ಆತು. ಅತ್ತೀದ ಜಾಸ್ತಿ ಐತಿ.”

“ನಿನ್ನ ಮುಂದನ ಸುರುವೀನಿ, ಎಲ್ಲಿ ಹೋಗ್ತದ?” ಎಂದು ಸವಿತಾ ಕೈ ಎತ್ತಿದಳು.

“ಹೊಡೀಬ್ಯಾಡ್ರಿ ವೈನಿ,” ಎಂದು ಕಸ್ತೂರಿ ಜಿಗಿದಳು. ಬಟ್ಟಲಿನ ಚಹಾವನ್ನು ಮತ್ತೆ ಗ್ಲಾಸಿಗೆ ಹಾಕಿದಳು. ನಿಂಗಿ ಮೂಗು ಒರೆಸಿಕೊಂಡು, “ಈಗ ಸರಿ ಆತು” ಎಂದಳು.

ಕಸ್ತೂರಿ ಗೋಡೆಗೊರಗಿ ಹೊಟ್ಟೆ ಹಿಡಿದು ನಕ್ಕಳು. ಪಾತ್ರೆಯ ಆಕಾರ ಬದಲಾದರೂ ಒಳಗಿನದು ಅಷ್ಟೇ ಇರುತ್ತದೆ ಎಂಬುದು ಈ ವಯಸ್ಸಿಗೆ ತಿಳಿಯುವುದಿಲ್ಲ ಎಂದು ಪಿಯಾಜೆ ಹೇಳಿದ್ದು ಇದೇ ಅಲ್ಲವೇ. ಹೊಡೆದರೆ ತಿಳಿಯುವುದಲ್ಲ ಇದು. ಕೈಯಾರೆ ಸುರುವಿ ನೋಡಲು ಬಿಡಬೇಕು, ಕಾಲ ಬರಬೇಕು. ಹಳೆಯ ಸಾಲನ್ನು ಗೀಚಿ, ಪಿಯಾಜೆಯ ಬಲಗಡೆ ಬರೆದಳು: ನಿಂಗಿ, ಚಹಾ, ಬಟ್ಟಲು.

ಅಲ್ಲಿಂದ ಮುಂದೆ ಅವಳಿಗೆ ಹುಚ್ಚೇ ಹಿಡಿಯಿತು. ಮನೆಯವರು ಉಸಿರಾಡುವಂತಿರಲಿಲ್ಲ, ಕಸ್ತೂರಿ ಪೆನ್ನು ಹಿಡಿದು ನಿಂತಿರುತ್ತಿದ್ದಳು. ಬೆಳಗ್ಗೆ ಎದ್ದ ಕೂಡಲೇ ಅಪ್ಪ ದ್ಯಾವಪ್ಪನ ವಟವಟ. ಚಹಾ ಕೈಗೆ ಬಿದ್ದೊಡನೆ ಅದು ಬಂದ್. ಆ ವಟವಟ ನಿಲ್ಲಲೆಂದೇ ವೈನಿ ದಿನದಿನಕ್ಕೂ ಚಹಾ ಬೇಗ ಇಡುತ್ತಿದ್ದಳು. ಕಿರಿಕಿರಿ ತೆಗೆದುಹಾಕಿ ನಡವಳಿಕೆ ಹೆಚ್ಚಿಸುವುದೇ ಋಣಾತ್ಮಕ ಪುನರ್ಬಲನ, ಅದು ಶಿಕ್ಷೆಯಲ್ಲ. ಸ್ಕಿನ್ನರ್‌ನ ಬಲಗಡೆ ಅಪ್ಪ ಕೂತ.

ಕೊಹ್ಲಬರ್ಗ್‌ನ ಬಲಗಡೆಯೂ ಅಪ್ಪನೇ. ದನದ ದವಾಖಾನೆಯ ಜವಾನನಾದ ಆತ ಹೆಲ್ಮೆಟನ್ನು ಗಾಡಿಯ ಹಿಡಿಕೆಗೆ ತೂಗುಹಾಕಿಕೊಂಡು ಹೋಗಿ, ಸರ್ಕಲ್‌ನಲ್ಲಿ ಪೊಲೀಸ್ ಕಂಡರೆ ತಲೆಗೇರಿಸಿ, ದಾಟಿದ ಮೇಲೆ ಮತ್ತೆ ತೂಗುಹಾಕುತ್ತಿದ್ದ.

“ಅಪ್ಪ, ನೀ ನೈತಿಕ ವಿಕಾಸದಾಗ ಮೊದಲನೇ ಹಂತದಾಗ ಇದ್ದಿ,” ಎಂದಳು.

ದ್ಯಾವಪ್ಪ ಮೀಸೆ ತಿರುವಿದ. ಸಂಜೆಯೊಳಗೆ ಚಹಾದಂಗಡಿಯಲ್ಲಿ ಸುದ್ದಿ ಹಬ್ಬಿತ್ತು. “ವಿದೇಶದ ಸಾಹೇಬ್ರು ಒಬ್ರು ಪುಸ್ತಕ ಬರದಾರ. ನಡತಿಯೊಳಗ ನಂದು ಮೊದಲನೇ ನಂಬರ್ ಅಂತ.” ಬರೀ ಶಿಕ್ಷೆಯ ಭಯಕ್ಕೆ ನಿಯಮ ಪಾಲಿಸುವ ಎಳೆ ಮಕ್ಕಳ ಹಂತ ಅದು ಎಂದು ಹೇಳುವ ಧೈರ್ಯ ಕಸ್ತೂರಿಗೆ ಬರಲಿಲ್ಲ, ಸವಿತಾ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಪುಟಗಳೆಲ್ಲ ತುಂಬಿದವು, ಕಲಿಯುವ ಮಗುವಿಗೆ ದೊಡ್ಡವರ ಆಸರೆ ಬೇಕೆಂದ ವೈಗೋಟ್ಸ್ಕಿಯದೊಂದು ಬಿಟ್ಟು. ಎಷ್ಟು ತಡಕಾಡಿದರೂ ಅವನಿಗೆ ಮನೆಯಲ್ಲಿ ಯಾರೂ ಸಿಗಲಿಲ್ಲ. ಅವ್ವ ಮಲ್ಲಾಬಾಯಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುತ್ತ, “ಎಲ್ಲಾರನೂ ಬರದಿ. ನಾ ಯಾವ ಪುಟದಾಗ ಅದೀನಿ?” ಎಂದು ಕೇಳಿದಳು.

“ನೀ ಏನು ಮಾಡ್ತಿ ಅವ್ವ, ದಿನಾ ರೊಟ್ಟಿ ಬಡೀತಿ,” ಎಂದಳು ಮಗಳು. ಮಲ್ಲಾಬಾಯಿ ರೊಟ್ಟಿ ತಿರುವಿದಳು.

ಪರೀಕ್ಷೆಯ ದಿನ ಬಂತು. ಮೊದಲ ಸಲ ಅವ್ವ ಯಾದಗಿರಿಯವರೆಗೂ ಬಂದು, ಕೇಂದ್ರದ ಗೇಟಿನ ಹೊರಗೆ ಬುತ್ತಿ ಹಿಡಿದು ಕೂತಿದ್ದಳು. ಎರಡನೇ ಸಲ ಸುರಪುರದ ಬಸ್‌ಸ್ಟ್ಯಾಂಡಿಗೆ ಬಂದು, ಇಳಿದಮೇಲೆ ಯಾವ ಕಡೆ ಹೋಗಬೇಕೆಂದು ಹೇಳಿ ಬಸ್ ಹತ್ತಿಸಿದ್ದಳು. ಈ ಸಲ ಹೊಸ್ತಿಲು ದಾಟಲಿಲ್ಲ.

“ಹೋಗಿ ಬಾ,” ಎಂದಳು, ಅಷ್ಟೇ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಸ್ತೂರಿ ಕುದ್ದಳು. ಎರಡು ಸಲ ಬಿದ್ದವಳ ಮೇಲೆ ಅವ್ವನಿಗೂ ಆಸೆ ಬತ್ತಿತು ಎಂದುಕೊಂಡಳು, ಕಣ್ಣಲ್ಲಿ ನೀರು ಬಂತು.

ಪರೀಕ್ಷಾ ಕೊಠಡಿಯಲ್ಲಿ ಮೊದಲ ಪ್ರಶ್ನೆಯನ್ನೇ ಮೂರು ಸಲ ಓದಿದಳು. ಆಮೇಲೆ ಪ್ರಶ್ನೆಯಿಂದ ಪ್ರಶ್ನೆಗೆ ಮನೆಯವರೆಲ್ಲ ಸಾಲಾಗಿ ಬರತೊಡಗಿದರು. ಒಂದರಲ್ಲಿ ನಿಂಗಿ ಬಟ್ಟಲು ಹಿಡಿದು ಅಳುತ್ತಿದ್ದಳು, ಇನ್ನೊಂದರಲ್ಲಿ ಅಪ್ಪ ಹೆಲ್ಮೆಟ್ ಹಾಕಿಕೊಂಡು ಮೀಸೆ ತಿರುವುತ್ತಿದ್ದ. ನಗು ತಡೆಯಲಾರದೆ ಕಿಸಕ್ಕೆಂದಳು. ಮೇಲ್ವಿಚಾರಕರು ಹತ್ತಿರ ಬಂದು, “ಆರಾಮ ಇದ್ದೀರಿಲ್ರಿ?” ಎಂದು ವಿಚಾರಿಸಿದರು.

ಆಗ ಬಂತು ಆ ಹಳೆಯ ವೈರಿ, ಹೊಸ ವೇಷದಲ್ಲಿ. ಶಿಕ್ಷಕಿ ಮೊದಲು ಜೊತೆಗಿದ್ದು ಮಾಡಿಸುತ್ತಾಳೆ, ನಂತರ ಸುಳಿವು ಮಾತ್ರ ಕೊಡುತ್ತಾಳೆ, ಕೊನೆಗೆ ದೂರ ನಿಲ್ಲುತ್ತಾಳೆ. ಏಕೆ?

ಪೆನ್ನು ನಿಂತಿತು. ಯಾದಗಿರಿಯ ಗೇಟು. ಸುರಪುರದ ಬಸ್‌ಸ್ಟ್ಯಾಂಡು. ಮನೆಯ ಹೊಸ್ತಿಲು. ಕಸ್ತೂರಿಗೆ ಮೈ ಜುಮ್ಮೆಂದಿತು. ‘ಮಗು ತಾನೇ ಮಾಡಬಲ್ಲದಾದಂತೆ ಆಸರೆಯನ್ನು ಕ್ರಮೇಣ ಹಿಂತೆಗೆಯಲು’ ಎಂಬುದರ ವೃತ್ತವನ್ನು ಒತ್ತಿ ಒತ್ತಿ ತುಂಬಿದಳು. ಈಗ ಅಳುವೂ ಬಂತು, ನಗುವೂ ಬಂತು, ಮೇಲ್ವಿಚಾರಕರೂ ಮತ್ತೆ ಬಂದರು.

ಫಲಿತಾಂಶ ಬಂದ ದಿನ ಶಾಯಿಸ್ತಾ ಫೋನಿನಲ್ಲಿ ಕೂಗಿದ್ದು ಓಣಿಗೇ ಕೇಳಿಸಿತು. ಕಸ್ತೂರಿ ಪಾಸಾಗಿದ್ದಳು, ಸಗರದ ಮಕ್ಕಳು ಅವಳ ಪಾಲಿಗೆ ಉಳಿದರು. ಅಪ್ಪ ಹೆಲ್ಮೆಟ್ ಹಾಕಿಕೊಂಡೇ ಪೇಡೆ ತರಲು ಹೋದ. ಮೊದಲನೇ ನಂಬರಿನ ಮನುಷ್ಯನಿಗೆ ಈಗ ಮರ್ಯಾದೆಯ ಪ್ರಶ್ನೆ.

ಕಸ್ತೂರಿ ನೋಟ್ಸ್ ಹಿಡಿದು ಒಲೆಯ ಹತ್ತಿರ ಓಡಿದಳು. ವೈಗೋಟ್ಸ್ಕಿಯ ಬಲಗಡೆ ಪುಟ ಈಗ ತುಂಬಿತ್ತು. “ಅವ್ವ, ನೀ ಬೇಕಂತನ ಬರ್ಲಿಲ್ಲಲ? ನಾ ಒಬ್ಬಾಕಿನ ಹೋಗ್ತೀನಿ ಅಂತ ನಿನಗ ಗೊತ್ತಿತ್ತಲ?”

“ಏನು ಹೇಳ್ತಿಯೋ ನಿನ್ನ ಮಾತು,” ಎಂದಳು ಮಲ್ಲಾಬಾಯಿ. “ಅವತ್ತು ಮೊಣಕಾಲು ನೋಯ್ತಿತ್ತು, ಅದಕ್ಕ ಬರ್ಲಿಲ್ಲ.”

ಹಾಗೆಂದವಳು ಕುಕ್ಕರಗಾಲಲ್ಲೇ ಕೂತಿದ್ದಳು. ಮುಂದೆ ನಿಂಗಿ ಪುಟ್ಟ ರೊಟ್ಟಿ ಬಡಿಯುತ್ತಿದ್ದಳು. ಅಜ್ಜಿ ಅವಳ ಮಣಿಕಟ್ಟನ್ನು ಹಿಡಿದು ನಾಲ್ಕು ಸಲ ತಟ್ಟಿಸಿದಳು, “ಅಂಚು, ಅಂಚು” ಎಂದು ಎರಡು ಸಲ ಹೇಳಿದಳು, ಆಮೇಲೆ ಕೈ ತೆಗೆದು ಸುಮ್ಮನೆ ಕೂತಳು.